ಅನುಸರಣಾ ಪಟ್ಟಿ: ಬರೀ ‘ಒಪ್ಪಿದೆ’ ಸಾಕೋ, ಪುಟಸಂಖ್ಯೆಯೂ ಬೇಕೋ?

ಎರಡು ಲಕೋಟೆ ಟೆಂಡರ್‌ನ ತಾಂತ್ರಿಕ ಬಿಡ್‌ಗೆ ಅನುಸರಣಾ ಪಟ್ಟಿಯನ್ನು ಎರಡು ಥರ ಮಾಡುತ್ತಾರೆ. ಪ್ರತಿ ಷರತ್ತಿನ ಎದುರು ‘ಒಪ್ಪಿದೆ’ ಎಂದಷ್ಟೇ ಬರೆದರೆ ಕೆಲಸ ಬೇಗ ಮುಗಿಯುತ್ತದೆ. ಷರತ್ತಿನ ಸಂಖ್ಯೆ, ನಮ್ಮ ಉತ್ತರ, ಪುರಾವೆ ಇರುವ ಪುಟ, ವ್ಯತ್ಯಾಸ ಎಂದು ನಾಲ್ಕು ಅಂಕಣ ತುಂಬಲು ಸಮಯ ಹಿಡಿಯುತ್ತದೆ, ಆದರೆ ತಪ್ಪು ಸಿಕ್ಕಿಬೀಳುವುದು ಇಲ್ಲೇ. ಟೆಂಡರ್ 120 ದಿನ ಕೊಟ್ಟಿದೆ, ನಿಮ್ಮ ವೇಳಾಪಟ್ಟಿ 18 ವಾರದ್ದು ಎನ್ನಿ. ಪುಟ ಹುಡುಕುವಾಗಲೇ ಅದು 126 ದಿನ ಎಂದು ಗೊತ್ತಾಗುತ್ತದೆ. ತಂಡದ ವಿಷಯವೂ ಹೀಗೆಯೇ: 10 ವರ್ಷದ ಅನುಭವ ಕೇಳಿದ್ದರೆ ಬಯೋಡೇಟಾದ ದಿನಾಂಕಗಳನ್ನು ಕೂಡಿಸಿ ನೋಡಿ.

ನಮ್ಮ ಆಯ್ಕೆ ಎರಡನೆಯದೇ. ಪುಟಸಂಖ್ಯೆಯನ್ನು ಮಾತ್ರ ಅಂತಿಮ ಪಿಡಿಎಫ್ ಆದಮೇಲೆ ಹಾಕಿ. ಮೊದಲೇ ಹಾಕಿದರೆ ನಡುವೆ ಒಂದು ಪ್ರಮಾಣಪತ್ರ ಸೇರಿದರೂ ಮುಂದಿನವೆಲ್ಲ ತಪ್ಪುತ್ತವೆ.