ಕೇಬಲ್ ಎಳೆಸುವ ಮುಂಚೆ ಮೀಟರ್ ಎಣಿಸಿ, ಪೈಪು ನೋಡಿ: ಶಿವಮೊಗ್ಗದಲ್ಲಿ ನಮಗಾದ ಅನುಭವ

ಹೋದ ವರ್ಷ ಮಳೆಗಾಲ ಹಿಡಿಯುವ ಮುಂಚೆ, ಶಿವಮೊಗ್ಗದ ಸವಳಂಗ ರಸ್ತೆ ಕಡೆ ಒಂದು ಕಟ್ಟಡದ ಮೂರನೇ ಮಹಡಿಗೆ ನಮ್ಮ ಆಫೀಸು ಬಂತು. 40 ಟೇಬಲ್, 8 ವೈಫೈ ಆಕ್ಸೆಸ್ ಪಾಯಿಂಟ್, ಒಟ್ಟು 48 ನೆಟ್‌ವರ್ಕ್ ಕೇಬಲ್. ಇವೆಲ್ಲ ಬಂದು ಸೇರುವ ರ‍್ಯಾಕ್ ಇಡಲು ಜಾಗ ಸಿಕ್ಕಿದ್ದು ಕೆಳಗೆ, ನೆಲಮಹಡಿಯ ಹಿಂದಿನ ಕೋಣೆಯಲ್ಲಿ. ಗುತ್ತಿಗೆ ಹಿಡಿದವರು ಎಲ್ಲ 48 ಕೇಬಲನ್ನೂ ನೇರವಾಗಿ ಅಲ್ಲಿಗೇ ಇಳಿಸಿದರು. "ದೂರ ಜಾಸ್ತಿ ಆಗಲ್ವಾ" ಅಂತ ಕೇಳಿದ್ದಕ್ಕೆ "ಕ್ಯಾಟ್ 6 ಹಾಕಿದ್ದೀವಿ ಸಾರ್, ಎಷ್ಟು ದೂರ ಬೇಕಾದರೂ ಹೋಗುತ್ತೆ" ಅಂದರು. ಆಮೇಲೆ ಎಂಟು ದೀಪದ ಸಣ್ಣ ಟೆಸ್ಟರ್ ಹಾಕಿ, ಎಲ್ಲ ದೀಪ ಹತ್ತಿದ್ದು ತೋರಿಸಿ ಪೂರ್ತಿ ದುಡ್ಡು ತಗೊಂಡು ಹೋದರು.

ಆ ಮಾತು ತಪ್ಪು. ಕೇಬಲಿನ ದರ್ಜೆ ಕ್ಯಾಟ್ 5ಇ ಇರಲಿ, 6 ಇರಲಿ, 6ಎ ಇರಲಿ, ಮಿತಿ 100 ಮೀಟರೇ. ಅದರಲ್ಲಿ ಗೋಡೆಯೊಳಗಿನ ಕೇಬಲಿಗೆ 90, ಎರಡೂ ತುದಿಯಲ್ಲಿ ಸಿಕ್ಕಿಸುವ ಸಣ್ಣ ಕೇಬಲುಗಳಾದ ಪ್ಯಾಚ್ ಕಾರ್ಡುಗಳಿಗೆ ಸೇರಿ 10. ಮೇಲಿನ ದರ್ಜೆಗೆ ಹೋದರೆ ಹೆಚ್ಚುವುದು ವೇಗ, ದೂರ ಅಲ್ಲ. 10 ಗಿಗಾಬಿಟ್ ಬೇಕು ಅಂದರೆ ಕ್ಯಾಟ್ 6 ಸುಮಾರು 55 ಮೀಟರಿಗೇ ನಿಲ್ಲುತ್ತದೆ, 6ಎ ಪೂರ್ತಿ 100ರವರೆಗೂ ಹೋಗುತ್ತದೆ.

ಒಂದೇ ವಾರದಲ್ಲಿ ತೊಂದರೆ ಶುರುವಾಯಿತು. ರ‍್ಯಾಕಿನಿಂದ ದೂರದ ತುದಿಯ ಟೇಬಲ್‌ಗಳಲ್ಲಿ ಲಿಂಕ್ ವೇಗ 1 ಗಿಗಾಬಿಟ್ ಬದಲು 100 ಮೆಗಾಬಿಟ್‌ಗೆ ಇಳಿಯುತ್ತಿತ್ತು. ಅದೇ ತುದಿಯಲ್ಲಿರುವ ಮೀಟಿಂಗ್ ಹಾಲಿನ ಆಕ್ಸೆಸ್ ಪಾಯಿಂಟ್ ಬೆಳಿಗ್ಗೆ ಸರಿ ಇರುತ್ತಿತ್ತು, ಹತ್ತು ಜನ ಕೂತು ವಿಡಿಯೋ ಕಾಲ್ ಶುರು ಮಾಡಿದ ತಕ್ಷಣ ಆಫ್ ಆಗಿ ತಾನೇ ಮತ್ತೆ ಆನ್ ಆಗುತ್ತಿತ್ತು. ಎರಡು ತಿಂಗಳು ನಾವು ವೈಫೈ ಸೆಟ್ಟಿಂಗೇ ಬದಲಾಯಿಸುತ್ತಾ ಕೂತೆವು. ಚಾನೆಲ್ ಬದಲಾಯಿಸಿದೆವು, ಪವರ್ ಇಳಿಸಿದೆವು, ಏನೂ ಪ್ರಯೋಜನ ಆಗಲಿಲ್ಲ.

ಕೊನೆಗೆ ಭದ್ರಾವತಿಯ ಒಬ್ಬ ಗೆಳೆಯ ಬಂದು ವೈಫೈ ಕಡೆ ನೋಡಲೇ ಇಲ್ಲ, ಕೇಬಲಿನ ಮೈಮೇಲೆ ಅಚ್ಚಾಗಿರುವ ಮೀಟರ್ ಅಂಕಿ ಓದಿದ. ಹಾಲಿನ ತುದಿಯಲ್ಲಿ 18, ರ‍್ಯಾಕ್ ತುದಿಯಲ್ಲಿ 129. ಅಂದರೆ 111 ಮೀಟರ್! ನಕ್ಷೆಯಲ್ಲಿ ಅಷ್ಟು ಕಾಣುವುದಿಲ್ಲ, ಯಾಕಂದರೆ ಕೇಬಲ್ ನೇರ ಹೋಗುವುದಿಲ್ಲ. ಸೀಲಿಂಗ್‌ಗೆ ಹತ್ತಲು 3, ತೊಲೆ ಸುತ್ತಿಕೊಂಡು, ಮಹಡಿಗಳ ನಡುವೆ ಕೇಬಲ್ ಇಳಿಸುವ ರೈಸರ್ ಪೈಪಿನವರೆಗೆ 58, ಕೆಳಗಿಳಿಯಲು 12, ನೆಲಮಹಡಿಯಲ್ಲಿ ಹಿಂದಿನ ಕೋಣೆಗೆ 33, ರ‍್ಯಾಕಿನಲ್ಲಿ ಸುತ್ತಿಟ್ಟ 5.

ಆಮೇಲೆ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ಅದು, ಡಬ್ಬದ ಮೇಲೆ ಏನೇ ಬರೆದಿರಲಿ ಅದು ಕ್ಯಾಟ್ 6 ಅಲ್ಲ. ಒಂದು ಜೋಡಿಯ ಎರಡೂ ತಂತಿಯನ್ನು ಆ ತುದಿಯಲ್ಲಿ ಸೇರಿಸಿ ತಿರುಚಿ, ಈ ತುದಿಯಲ್ಲಿ ಮಲ್ಟಿಮೀಟರ್ ಇಟ್ಟಾಗ 31 ಓಮ್ ತೋರಿಸಿತು. ಅಷ್ಟುದ್ದದ ಒಳ್ಳೆಯ ತಾಮ್ರದ ಕೇಬಲ್ ಆಗಿದ್ದರೆ 21 ದಾಟಬಾರದು. ಆಕ್ಸೆಸ್ ಪಾಯಿಂಟಿಗೆ ಕರೆಂಟ್ ಹೋಗುವುದೂ ಇದೇ ತಂತಿಯಲ್ಲಿ ಅಲ್ವಾ, ಜನ ಸೇರಿ ಅದು ಜಾಸ್ತಿ ಕರೆಂಟ್ ಎಳೆದಾಗ ದಾರಿಯಲ್ಲೇ ವೋಲ್ಟೇಜ್ ಬಿದ್ದುಹೋಗಿ ಆಫ್ ಆಗುತ್ತಿತ್ತು. ಎಂಟು ದೀಪದ ಟೆಸ್ಟರ್ ಇದ್ಯಾವುದನ್ನೂ ಹೇಳುವುದಿಲ್ಲ. ತಂತಿ ತುಂಡಾಗಿಲ್ಲ, ಅದಲುಬದಲಾಗಿಲ್ಲ ಅನ್ನುವಷ್ಟೇ ಅದಕ್ಕೆ ಗೊತ್ತು.

ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ರೈಸರ್ ನೋಡಿದಾಗ. ಮೂರು ಮಹಡಿ ಇಳಿಯುವ ಪೈಪು ಒಂದೇ, ಒಳಗಿನ ಅಗಲ 50 ಮಿಲಿಮೀಟರ್. ಪೈಪಿನ ಜಾಗದಲ್ಲಿ ಶೇಕಡಾ 40ರಷ್ಟು ಮಾತ್ರ ತುಂಬಬೇಕು ಅನ್ನುವುದು ಈ ಕೆಲಸದ ಲೆಕ್ಕ. 6.2 ಮಿಲಿಮೀಟರ್ ದಪ್ಪದ ಕೇಬಲ್ ಆದರೆ 26 ಹಿಡಿಯುತ್ತದೆ. 6ಎ ಇನ್ನೂ ದಪ್ಪ, 7.5 ಮಿಲಿಮೀಟರ್ ಅಂದುಕೊಂಡರೆ 17 ಅಷ್ಟೇ. ಇವರು ತುರುಕಿದ್ದು 48, ಶೇಕಡಾ 70ರ ಮೇಲೆ. ಒಂದು ಕೇಬಲ್ ಬದಲಾಯಿಸೋಣ ಅಂತ ಹಿಡಿದು ಎಳೆದರೆ ಅದು ಬರಲಿಲ್ಲ, ಪಕ್ಕದ ಮೂರು ಟೇಬಲ್ ಸತ್ತುಹೋದವು. ತಿರುವಿನಲ್ಲಿ ಒಂದರ ಮೈ ಒಂದಕ್ಕೆ ಉಜ್ಜಿ ಸಿಪ್ಪೆ ಸುಲಿದಿತ್ತು.

ಈಗ ಮೂರನೇ ಮಹಡಿಯ ನಡುವೆಯೇ ಒಂದು ಸಣ್ಣ ರ‍್ಯಾಕ್ ಇಟ್ಟಿದ್ದೇವೆ. ಅತಿ ಉದ್ದದ ಕೇಬಲ್ 41 ಮೀಟರ್. ಕೆಳಗಿನ ಕೋಣೆಗೆ ಹೋಗುವುದು ಒಂದೇ ಒಂದು ಫೈಬರ್, 12 ಎಳೆಯದು, ಸದ್ಯ ಬಳಸುತ್ತಿರುವುದು ಎರಡೇ ಎಳೆ. ಎರಡು ರ‍್ಯಾಕಿನ ಸ್ವಿಚ್ಚುಗಳನ್ನು ಸೇರಿಸುವ ಲೋಹದ ನೆಟ್‌ವರ್ಕ್ ತಂತಿ ಇಲ್ಲದ್ದರಿಂದ, ಸಿಡಿಲು ಹೊಡೆದಾಗ ಕೆಳಗಿನ ಸ್ವಿಚ್ಚಿನಿಂದ ಮೇಲಿನದಕ್ಕೆ ನೆಟ್‌ವರ್ಕ್ ಕೇಬಲ್ ಮೂಲಕ ಹೊಡೆತ ದಾಟುವ ದಾರಿಯೂ ಇಲ್ಲ. ನಮ್ಮ ಕಡೆಯ ಮುಂಗಾರು ಮುಂಚಿನ ಗುಡುಗು ನೋಡಿದವರಿಗೆ ಇದು ಸಣ್ಣ ವಿಷಯ ಅಲ್ಲ.

ಈ ಸಲ ಕೊಟೇಶನ್‌ನಲ್ಲೇ ಬರೆಸಿದ್ದು ಎರಡು ಮಾತು. ಶುದ್ಧ ತಾಮ್ರದ ಕೇಬಲ್ ಆಗಿರಬೇಕು. ಪ್ರತಿ ಪಾಯಿಂಟಿಗೂ, ಕೇಬಲಿನ ಉದ್ದ, ಗುಣಮಟ್ಟ ಅಳೆಯುವ ಸರ್ಟಿಫಿಕೇಶನ್ ಟೆಸ್ಟರಿನ ವರದಿ ಕೊಡಬೇಕು, ಉದ್ದದ ಸಮೇತ, ಅದು ಕೈಗೆ ಬಂದ ಮೇಲೆಯೇ ಕೊನೆಯ ಕಂತು. 40 ಟೇಬಲ್, 8 ಆಕ್ಸೆಸ್ ಪಾಯಿಂಟ್ ಎಲ್ಲದರ ವರದಿಯೂ ಬಂತು. ಹಳೆಯ 48 ಕೇಬಲ್ ಮಾತ್ರ ಆ ಪೈಪಿನಲ್ಲೇ ಸಿಕ್ಕಿಕೊಂಡಿವೆ, ಫೈಬರಿಗೆ ಗೋಡೆ ಕೊರೆದು ಹೊಸ ಪೈಪು ಹಾಕಿಸಬೇಕಾಯಿತು.