ಒಂದೇ ಬ್ಯಾಟರಿ ಬದಲಿಸಲೋ, ಎರಡನ್ನೂ ಬದಲಿಸಲೋ?

24 ವೋಲ್ಟ್ ಇನ್ವರ್ಟರ್‌ಗೆ ಸೀರೀಸ್‌ನಲ್ಲಿರುವ ಎರಡು ಬ್ಯಾಟರಿಗಳಲ್ಲಿ ನಾಲ್ಕು ವರ್ಷಕ್ಕೆ ಒಂದು ಕೈಕೊಟ್ಟಿದೆ, ಅಲ್ವಾ? ಒಂದನ್ನೇ ತಂದರೆ ಈಗ ಅರ್ಧ ಖರ್ಚು. ಆದರೆ ಎರಡರಲ್ಲೂ ಹರಿಯುವ ಕರೆಂಟ್ ಒಂದೇ. ಹಳೆಯದು ಬೇಗ 9.5 ವೋಲ್ಟ್‌ಗೆ ಕುಸಿಯುತ್ತದೆ, ಹೊಸದು ಇನ್ನೂ 12ರಲ್ಲಿರುತ್ತದೆ. ಇನ್ವರ್ಟರ್‌ಗೆ ಕಾಣುವುದು ಒಟ್ಟು 21.5 ಮಾತ್ರ, ಹಾಗಾಗಿ ಅದು ನಿಲ್ಲಿಸದೆ ಹಳೆಯದನ್ನು ಇನ್ನೂ ಹಿಂಡುತ್ತದೆ. ಚಾರ್ಜ್ ಆಗುವಾಗ ಹಳೆಯದು ಬೇಗ ತುಂಬಿ ಕುದಿಯುತ್ತದೆ, ನೀರು ಜಾಸ್ತಿ ಕುಡಿಯುತ್ತದೆ. ಹೊಸದು ಪೂರ್ತಿ ತುಂಬದೆ ಉಳಿದು, ಅದರ ಪ್ಲೇಟುಗಳಿಗೆ ಸಲ್ಫೇಟ್ ಕಟ್ಟುತ್ತದೆ. ಚಾರ್ಜ್ ಮಾಡುವಾಗ ಮಲ್ಟಿಮೀಟರ್‌ನಲ್ಲಿ ಒಂದೊಂದನ್ನೇ ಅಳೆಯಿರಿ: ಹಳೆಯದರಲ್ಲಿ 14.6, ಹೊಸದರಲ್ಲಿ 13.2 ಬಂದರೆ ಇದೇ ಕಥೆ.

ಬ್ಯಾಟರಿಗಳಿಗೆ ಆರೇ ತಿಂಗಳಾಗಿದ್ದರೆ ಅದೇ ಮಾಡೆಲ್‌ನ ಒಂದನ್ನು ಹಾಕಿ. ನಾಲ್ಕು ವರ್ಷವಾಗಿದ್ದರೆ ಎರಡನ್ನೂ ಬದಲಿಸಿ. ದುಡ್ಡು ಈಗ ಹೊಂದದಿದ್ದರೆ, ಲೈಟು ಫ್ಯಾನಿಗಷ್ಟೇ ಸಾಕಾದರೆ, 12 ವೋಲ್ಟ್ ಇನ್ವರ್ಟರ್‌ಗೆ ಹೊಸದೊಂದೇ ಹಾಕುವುದೂ ಒಳ್ಳೆಯದೇ.