ದುಬೈ ಲೆಕ್ಕ, ಸೇಡಂ ಲೆಕ್ಕ

ಬೀದರಿನ ಹುಡುಗ ದುಬೈನಲ್ಲಿ ನಾಲ್ಕು ವರ್ಷ ದುಡಿದು ರಾಜೀನಾಮೆ ಕೊಟ್ಟ ಅಂದುಕೊಳ್ಳಿ. ಅವನಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಎಷ್ಟು ಬರುತ್ತೆ? ಪಗಾರ 2,000 ದಿರ್ಹಮ್, ಮೂಲ ವೇತನ 1,200. ಅಲ್ಲಿ ಲೆಕ್ಕಕ್ಕೆ ಬರುವುದು ಮೂಲ ವೇತನ ಮಾತ್ರ. 1,200ನ್ನು 30ರಿಂದ ಭಾಗಿಸಿದರೆ ದಿನಕ್ಕೆ 40. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಕೂಲಿ, ಅಂದರೆ 840. ನಾಲ್ಕು ವರ್ಷಕ್ಕೆ 3,360 ದಿರ್ಹಮ್. ಒಂದು ವರ್ಷ ತುಂಬಿದರೆ ಸಾಕು, ಹಕ್ಕು ಬಂತು. ಹಣ 14 ದಿನದೊಳಗೆ ಕೈಸೇರಬೇಕು.

ಅವನ ಅಣ್ಣ ಸೇಡಂನ ಕಾರ್ಖಾನೆಯಲ್ಲಿ ಖಾಯಂ. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000 ರೂಪಾಯಿ. 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ದುಡಿದ ಪ್ರತಿ ವರ್ಷಕ್ಕೆ ಗ್ರಾಚ್ಯುಟಿ 7,500. ಆದರೆ ಮೂರೇ ವರ್ಷಕ್ಕೆ ಬಿಟ್ಟರೆ ಸೊನ್ನೆ! ಇಲ್ಲಿ ಐದು ವರ್ಷದ ಷರತ್ತಿದೆ, ಅಲ್ವಾ?

ದುಬೈಗೆ ಹೊರಡುವವರು ಒಪ್ಪಂದದಲ್ಲಿ ಒಟ್ಟು ಪಗಾರ ನೋಡಿ ಸುಮ್ನೆ ಸಹಿ ಹಾಕಬೇಡಿ. ಮೂಲ ವೇತನದ ಸಾಲು ಓದಿ.